ಬಡ್ಡಿಯ ಲೆಕ್ಕ ಯಾರದು?

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ವಾಸಿಸುವ ಒಬ್ಬ ಗುಮಾಸ್ತರು. ಸಂಬಳದಲ್ಲಿ ತೆರಿಗೆ ಕಡಿತವಾಗಿತ್ತು, ರಿಟರ್ನನ್ನೂ ಜುಲೈಯಲ್ಲೇ ಸಲ್ಲಿಸಿದ್ದರು. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಸಂದೇಶ ಬಂತು: 2023-24ರ ಬಡ್ಡಿ 82,000 ರೂಪಾಯಿ, ರಿಟರ್ನಿನಲ್ಲಿ ತೋರಿಸಿದ್ದು ಸೊನ್ನೆ.

“ಬ್ಯಾಂಕಿನಾಗ ಆಗಲೇ ತೆರಿಗಿ ಹಿಡಕೊಂಡಾರಲ್ಲ, ಮತ್ತ್ಯಾಕ ಕಟ್ಟಬೇಕು?” ಎಂದರು ಅವರು. ವಾಣಿಜ್ಯ ಓದುತ್ತಿದ್ದ ಮಗಳು, “ಅಪ್ಪಾ, ಮೊದಲು ಅದು ಯಾವ ಕಾಗದ ನೋಡೋಣು” ಎಂದಳು. ಸಂದೇಶದಲ್ಲಿದ್ದ ಕೊಂಡಿ ಒತ್ತದೆ, incometax.gov.in ಎಂದು ತಾನೇ ಟೈಪು ಮಾಡಿ ಒಳಹೊಕ್ಕಳು. ಅದು ಕಾನೂನಿನ ಕಲಮು ನಮೂದಿಸಿದ ನೋಟೀಸಲ್ಲ, ವ್ಯತ್ಯಾಸ ಸರಿಪಡಿಸಿಕೊಳ್ಳಿ ಎಂಬ ಸೂಚನೆ. ಕಲಮು, ಗಡುವು, ದಾಖಲೆ ಸಂಖ್ಯೆ ಇರುವ ನೋಟೀಸಾದರೆ ಉತ್ತರ ಕೊಡಲೇಬೇಕು. ಅದು ಇಲಾಖೆಯದೇ ಹೌದೋ ಎಂಬುದನ್ನು ಆ ಸಂಖ್ಯೆಯಿಂದ ಅದೇ ತಾಣದಲ್ಲಿ ಪರೀಕ್ಷಿಸಬಹುದು. ಸೂಚನೆಯೆಂದು ಸುಮ್ಮನಿರುವುದೂ ಜಾಣತನವಲ್ಲ. ಅಂಕಿ ಇಲಾಖೆಯ ಕೈಯಲ್ಲಿದೆ.

AIS ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆದಾಗ 82,000 ಎರಡು ತುಂಡಾಯಿತು. 64,000 ಗುಮಾಸ್ತರದೇ ನಿಶ್ಚಿತ ಠೇವಣಿಯ ಬಡ್ಡಿ. ಉಳಿದ 18,000 ಬೇರೊಂದು ಬ್ಯಾಂಕಿನದು. ಕಮಲಾಪುರದಲ್ಲಿರುವ ಅವ್ವ ತೊಗರಿ ಮಾರಿದ ಹಣ ಅಲ್ಲಿತ್ತು. ಓಡಾಟಕ್ಕೆ ಅನುಕೂಲವೆಂದು ಜಂಟಿ ಠೇವಣಿಯಲ್ಲಿ ಮಗನ ಹೆಸರು, ಪ್ಯಾನ್ ಮೊದಲು ಬರೆಸಿದ್ದರು. ಬ್ಯಾಂಕು ಮೊದಲ ಹೆಸರನ್ನಷ್ಟೇ ನೋಡಿ ವರದಿ ಕೊಟ್ಟಿತ್ತು.

64,000ದ ಮಾತಿನಲ್ಲಿ ತಪ್ಪು ಗುಮಾಸ್ತರದು. ಬ್ಯಾಂಕು ಹಿಡಿದದ್ದು ಶೇ. 10, ಅಂದರೆ 6,400. ಆದರೆ ಹಳೆಯ ಪದ್ಧತಿಯಲ್ಲಿ ಅವರ ತೆರಿಗೆಯ ಆದಾಯ 7,40,000. ಅದರ ಮೇಲೆ ಬರುವ ಪ್ರತಿ ರೂಪಾಯಿಗೂ ಶೇ. 20. ಹಾಗಾಗಿ 12,800, ಅದಕ್ಕೆ ಶೇ. 4ರ ಸೆಸ್ 512, ಒಟ್ಟು 13,312. ಹಿಡಿದದ್ದನ್ನು ಕಳೆದರೆ ಬಾಕಿ 6,912. ಬ್ಯಾಂಕಿನ ಕಡಿತ ಮುಂಗಡವೇ ಹೊರತು ಪೂರ್ತಿ ತೆರಿಗೆಯಲ್ಲ. ಓದಿದವರೂ ಎಡವುವುದು ಇಲ್ಲೇ.

ಬಾಕಿ ಕಟ್ಟಿ, ಬಡ್ಡಿಯನ್ನೂ ಕಡಿತವನ್ನೂ ಸೇರಿಸಿ ಪರಿಷ್ಕೃತ ರಿಟರ್ನ್ ಸಲ್ಲಿಸಿದರು. ಅದಕ್ಕೆ ಆಗ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಆ ವರ್ಷ ಅದು ಜನವರಿ 15ರವರೆಗೆ ಮುಂದೆ ಹೋಯಿತು. ದಾಟಿದ್ದರೆ ನವೀಕೃತ ರಿಟರ್ನ್ ಒಂದೇ ದಾರಿ. ಅಲ್ಲಿ ಬಾಕಿಯ ಮೇಲೆ ಕನಿಷ್ಠ ಶೇ. 25 ಹೆಚ್ಚುವರಿ.

18,000ವನ್ನು ಅವರು ಸೇರಿಸಲಿಲ್ಲ. ಹೆದರಿ ಸೇರಿಸಿದ್ದರೆ ಅವ್ವನ ಆದಾಯಕ್ಕೆ ಮಗ ತೆರಿಗೆ ಕಟ್ಟಿದಂತಾಗುತ್ತಿತ್ತು. AISನಲ್ಲಿ ಆ ಸಾಲಿಗೆ ಮಾತ್ರ “Information relates to other PAN/Year” ಎಂಬುದನ್ನು ಆರಿಸಿದರು. ಗುಂಡಿ ಒತ್ತಿದರಷ್ಟೇ ಸಾಲದು. ಅಂಥ ಮಾತನ್ನು ಇಲಾಖೆ ಬ್ಯಾಂಕಿಗೆ ಕೇಳಿ ಖಚಿತಪಡಿಸಿಕೊಳ್ಳಬಹುದು. ಆಗ ನೆರವಿಗೆ ಬರುವುದು ಹಣ ಅವ್ವನ ಖಾತೆಯಿಂದಲೇ ಠೇವಣಿಗೆ ಹೋದದ್ದನ್ನು ತೋರಿಸುವ ಪಾಸ್‌ಬುಕ್ಕಿನ ಸಾಲು. ಅದರ ನೆರಳಚ್ಚನ್ನು ಮಗಳು ತೆಗೆದಿಟ್ಟಳು. ಮರುವಾರ ಗುಮಾಸ್ತರು ಕಮಲಾಪುರಕ್ಕೆ ಹೋಗಿ, ಠೇವಣಿಯಲ್ಲಿ ಅವ್ವನ ಹೆಸರು ಮೊದಲು ಬರುವಂತೆ ಬ್ಯಾಂಕಿಗೆ ಅರ್ಜಿ ಕೊಟ್ಟು ಬಂದರು.