ಒಂದು ಕಪ್ ಹಿಟ್ಟೆಂದರೆ ಎಷ್ಟು?

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಹಲವು ವರ್ಷಗಳಿಂದ ಮಧುಮೇಹ, ಮಾತ್ರೆ ಸೇವಿಸುತ್ತಿದ್ದರು. ತೂಕ ಇಳಿಸಬೇಕೆಂದು ಅವರ ವೈದ್ಯರು ಹೇಳಿದ್ದರಿಂದ, ಮಗನು ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ತಾವು ಉಂಡದ್ದನ್ನೆಲ್ಲ ಪ್ರತಿದಿನ ದಾಖಲಿಸುತ್ತಿದ್ದರು. ದಿನದ ಮೊತ್ತ 1500 ಕ್ಯಾಲೊರಿ ದಾಟದಂತೆ ಎರಡು ತಿಂಗಳು ನಿಷ್ಠೆಯಿಂದ ನಡೆದುಕೊಂಡಿದ್ದರು. ತೂಕ ಮಾತ್ರ ಅರ್ಧ ಕಿಲೋ ಕೂಡ ಇಳಿದಿರಲಿಲ್ಲ. "ನನ್ನ ಮೈಯ ಗುಣವೇ ಹೀಗೆ ಕಾಣಸ್ತದರಿ ಡಾಕ್ಟ್ರ, ಇನ್ನ ರಾತ್ರಿ ಊಟಾನೇ ಬಿಟ್ಟುಬಿಡ್ತೀನಿ" ಎಂದರು.

ಮಧುಮೇಹದ ಮಾತ್ರೆ ನುಂಗುವವರು ತಮ್ಮಷ್ಟಕ್ಕೆ ತಾವೇ ರಾತ್ರಿಯೂಟ ಬಿಡುವುದು ಅಪಾಯಕರ. ಕೆಲವು ಮಾತ್ರೆಗಳ ಪ್ರಭಾವದಲ್ಲಿ ಸಕ್ಕರೆಯ ಅಂಶ ನಡುರಾತ್ರಿಯಲ್ಲಿ ಅತಿಯಾಗಿ ಕುಸಿಯಬಹುದು. ಆದ್ದರಿಂದ ಊಟ ಬಿಡುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮರುದಿನ ಬರುವಾಗ ಮನೆಯಲ್ಲಿ ಹಿಟ್ಟು, ಬೇಳೆ ಅಳೆಯುವ ಕಪ್ಪನ್ನೂ ಎಣ್ಣೆ ಹಾಕುವ ಚಮಚವನ್ನೂ ತರಬೇಕೆಂದು ಹೇಳಿದೆವು. ಒಂದಿಷ್ಟು ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆಯ ಬಾಟಲಿಯನ್ನೂ ತರಲು ಹೇಳಿದೆವು. ಅವರಿಗೆ ಇದು ವಿಚಿತ್ರವೆನಿಸಿರಬೇಕು, ಆದರೂ ತಂದರು.

ಚೂರ್ಣಗಳನ್ನು ತೂಗಲು ಇಟ್ಟಿರುವ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮೊದಲು ಬರಿಯ ಕಪ್ಪನ್ನಿಟ್ಟು, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತಂದೆವು. ಬಳಿಕ ಅಂಚಿನವರೆಗೆ ನೀರು ತುಂಬಿದೆವು. ತಕ್ಕಡಿ 280 ಗ್ರಾಂ ತೋರಿಸಿತು. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಮೇ ಆಗಿರುವುದರಿಂದ, ಆ ಕಪ್ 280 ಮಿಲಿಲೀಟರ್ ಹಿಡಿಯುವಂಥದೆಂದು ತಿಳಿಯಿತು. ಮೊಬೈಲಿನ ಪಟ್ಟಿಯಲ್ಲಿದ್ದ ಕಪ್ ಅಮೆರಿಕದ್ದು. ಅದರ ಅಳತೆ ಸುಮಾರು 240 ಮಿಲಿಲೀಟರ್. ಬೇರೆ ಕೆಲವು ದೇಶಗಳಲ್ಲಿ ಕಪ್ ಎಂದರೆ 250. ದೊಡ್ಡ ಚಮಚವೂ ಹೀಗೆಯೇ. ಬಹುಕಡೆ ಅದು 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ನಮ್ಮ ಅಡುಗೆಮನೆಯ ಕಪ್ಪು ಚಮಚಗಳಂತೂ ಇವು ಯಾವುದಕ್ಕೂ ಒಳಪಟ್ಟವಲ್ಲ. ಪಾತ್ರೆಯಂಗಡಿಯಲ್ಲಿ ಸಿಕ್ಕಿದ ಗಾತ್ರವೇ ಅವುಗಳ ಗಾತ್ರ.

ಆಯುರ್ವೇದ ಓದಿದವರಿಗೆ ಈ ತೊಡಕು ಹೊಸತಲ್ಲ. ಶಾರ್ಙ್ಗಧರ ಸಂಹಿತೆಯು ತನ್ನ ಮೊದಲ ಅಧ್ಯಾಯದಲ್ಲಿಯೇ ಮಾಗಧ ಮಾನ, ಕಾಲಿಂಗ ಮಾನ ಎಂಬ ಎರಡು ಅಳತೆಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಮಾಷವೆಂಬ ಒಂದೇ ಹೆಸರಿಗೆ ಅಲ್ಲಿ ಎರಡು ತೂಕಗಳಿವೆ. ಯಾವ ನಾಡಿನ ಮಾಷವೆಂದು ತಿಳಿಯದೆ ಔಷಧ ಕೂಡಿಸುವಂತಿರಲಿಲ್ಲ. ಯಾವ ದೇಶದ ಕಪ್ ಎಂದು ಕೇಳದೆ ಊಟದ ಲೆಕ್ಕ ಬರೆಯುವುದನ್ನು ಮಾತ್ರ ನಾವು ಸಲೀಸಾಗಿ ಒಪ್ಪಿಕೊಂಡಿದ್ದೇವೆ.

ಮತ್ತೆ ತಕ್ಕಡಿಗೆ ಬರೋಣ. ಅದೇ ಕಪ್ಪಿಗೆ ಜೋಳದ ಹಿಟ್ಟನ್ನು ಚಮಚದಿಂದ ಉದುರುದುರಾಗಿ ತುಂಬಿ, ಮೇಲ್ಭಾಗವನ್ನು ಚಾಕುವಿನ ಬೆನ್ನಿನಿಂದ ಸಮಮಾಡಿದಾಗ 140 ಗ್ರಾಂ ಬಂದಿತು. "ನೀವು ಮನೆಯಲ್ಲಿ ತುಂಬುವಂತೆ ತುಂಬಿ ತಾಯಿ" ಎಂದೆವು. ಅವರು ಕಪ್ಪನ್ನು ಡಬ್ಬಿಯೊಳಗೆ ಅದ್ದಿ, ಗೋಡೆಗೊತ್ತಿ ಎತ್ತಿ, ಮೇಲೆ ಸಣ್ಣ ಗೋಪುರದಷ್ಟು ಹಿಟ್ಟನ್ನು ಹಾಗೆಯೇ ಉಳಿಸಿಕೊಂಡರು. ಈ ಬಾರಿ 175 ಗ್ರಾಂ. ಕಪ್ ಅದೇ, ಹಿಟ್ಟೂ ಅದೇ, ಬದಲಾದದ್ದು ತುಂಬಿದ ರೀತಿ ಮಾತ್ರ. ಹಿಟ್ಟಿನ ಕಣಗಳ ನಡುವೆ ಗಾಳಿ ಇರುತ್ತದೆ. ಒತ್ತಿದಷ್ಟೂ ಗಾಳಿ ಹೊರಹೋಗಿ ಹಿಟ್ಟು ಹೆಚ್ಚು ಹಿಡಿಯುತ್ತದೆ. ಆಗತಾನೆ ಗಿರಣಿಯಿಂದ ಬಂದ ಹಿಟ್ಟು ಹಗುರವಾಗಿ ಉಬ್ಬಿರುತ್ತದೆ, ಡಬ್ಬಿಯಲ್ಲಿ ವಾರಗಟ್ಟಲೆ ಕುಳಿತದ್ದು ಕುಗ್ಗಿ ಗಟ್ಟಿಯಾಗಿರುತ್ತದೆ. ಆದ್ದರಿಂದ ಹಿಟ್ಟಿಗೆ ಕಪ್ಪಿನ ಅಳತೆಯನ್ನು ನಂಬಲೇಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಬೇಳೆ, ಅಕ್ಕಿಗಳಿಗೆ ಈ ದೋಷ ಅಷ್ಟಿಲ್ಲ. ಕಾಳು ಒತ್ತಿದರೆ ಕುಗ್ಗುವಂಥದಲ್ಲ.

ಈ ತಾಯಿ ದಿನಕ್ಕೆ ನಾಲ್ಕು ರೊಟ್ಟಿಗೆಂದು ಒಂದು ಕಪ್ ಹಿಟ್ಟು ತೆಗೆದುಕೊಳ್ಳುತ್ತಿದ್ದರು. ಮೊಬೈಲು ಅದನ್ನು 120 ಗ್ರಾಂ ಎಂದೆಣಿಸಿ ಸುಮಾರು 420 ಕ್ಯಾಲೊರಿ ಬರೆದುಕೊಳ್ಳುತ್ತಿತ್ತು. 100 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 350 ಎಂದು ಹಿಡಿದರೆ 175 ಗ್ರಾಂಗೆ ಸುಮಾರು 610 ಆಗುತ್ತದೆ. ಹಿಟ್ಟೊಂದರಲ್ಲಿಯೇ ದಿನಕ್ಕೆ 190 ಕ್ಯಾಲೊರಿ ಲೆಕ್ಕದಿಂದ ತಪ್ಪಿಸಿಕೊಂಡಿತ್ತು.

ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಎಣ್ಣೆ ನೀರಿಗಿಂತ ಹಗುರ; ಒಂದು ಮಿಲಿಲೀಟರ್ ಅಡುಗೆ ಎಣ್ಣೆ ಸುಮಾರು 0.91 ಗ್ರಾಂ ತೂಗುತ್ತದೆ. ಒಂದು ಲೀಟರಿನ ಅನೇಕ ಪೊಟ್ಟಣಗಳ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ಓದುಗರು ನೋಡಿರಬಹುದು. ಆದರೆ ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9 ಕ್ಯಾಲೊರಿ ಇರುವುದರಿಂದ, ಹಿಟ್ಟಿನಲ್ಲಿ ಹತ್ತು ಗ್ರಾಂ ತಪ್ಪಿದರೆ 35 ಆಗುವ ವ್ಯತ್ಯಾಸ ಎಣ್ಣೆಯಲ್ಲಿ 90 ಆಗುತ್ತದೆ. ಇವರು ದಿನಕ್ಕೆ ಎರಡು ದೊಡ್ಡ ಚಮಚ ಎಂದು ಬರೆಯುತ್ತಿದ್ದರು. 15 ಮಿಲಿಲೀಟರಿನ ಚಮಚವಾಗಿದ್ದರೆ ಅದು ಸುಮಾರು 27 ಗ್ರಾಂ, 245 ಕ್ಯಾಲೊರಿ. ಅವರ ಚಮಚವಾದರೋ ಬಡಿಸುವ ಚಮಚ. ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡು, ಎರಡು ಚಮಚ ಬೇರೆ ಪಾತ್ರೆಗೆ ಸುರಿಯಿಸಿ, ಬಾಟಲಿಯನ್ನು ಪುನಃ ತೂಗಿದೆವು. 40 ಗ್ರಾಂ ಕಡಿಮೆಯಾಗಿತ್ತು. ಅಂದರೆ 360 ಕ್ಯಾಲೊರಿ. ಚಮಚಕ್ಕೆ ಎಣ್ಣೆ ಅಂಟಿಕೊಳ್ಳುವುದರಿಂದ ಬಾಟಲಿಯನ್ನೇ ತೂಗುವುದು ಸುಲಭವೂ ಹೌದು, ನಿಖರವೂ ಹೌದು. ಪೂರಿ, ಬಜ್ಜಿ ಕರಿದ ದಿನ ಬಾಣಲೆಯ ಎಣ್ಣೆಯನ್ನೂ ಕರಿಯುವ ಮೊದಲು ಮತ್ತು ತಣಿದ ಮೇಲೆ ಹೀಗೆಯೇ ತೂಗಿದರೆ, ತಿಂಡಿ ಎಷ್ಟು ಎಣ್ಣೆ ಕುಡಿಯಿತೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಬೇಳೆಯಲ್ಲಿ ಆಗಿದ್ದ ತಪ್ಪು ಕಪ್ಪಿನದಲ್ಲ, ಹೆಸರಿನದು. ತಮಗೂ ಯಜಮಾನರಿಗೂ ಸೇರಿಸಿ ಅರ್ಧ ಕಪ್ ಹಸಿ ತೊಗರಿಬೇಳೆ ಬೇಯಿಸುತ್ತಿದ್ದರು. ತೂಗಿದಾಗ ಅದು 116 ಗ್ರಾಂ. ಇವರ ಪಾಲು 58 ಗ್ರಾಂ, ಸುಮಾರು 195 ಕ್ಯಾಲೊರಿ. ಆದರೆ ಮೊಬೈಲಿನಲ್ಲಿ ಅವರು ಆರಿಸುತ್ತಿದ್ದ ಸಾಲು 'ಬೇಯಿಸಿದ ಬೇಳೆ, ಕಾಲು ಕಪ್' ಎಂಬುದು. ಬೆಂದ ಬೇಳೆ ನೀರು ಕುಡಿದು ಎರಡು ಮೂರು ಪಟ್ಟು ಆಗಿರುತ್ತದೆ, ನೀರಿಗೆ ಕ್ಯಾಲೊರಿಯಿಲ್ಲ. ಆದ್ದರಿಂದ ಆ ಸಾಲಿನಲ್ಲಿ ಬರೆದಿದ್ದುದು ಸುಮಾರು 55 ಮಾತ್ರ. ಇಲ್ಲಿ 140 ಕಳೆದುಹೋಗಿತ್ತು. ಹಸಿಯಾಗಿ ಅಳೆದದ್ದನ್ನು ಹಸಿಯೆಂದೇ, ಬೆಂದದ್ದನ್ನು ಬೆಂದದ್ದೆಂದೇ ಬರೆಯಬೇಕು. ನಮ್ಮನ್ನು ಕೇಳಿದರೆ ಯಾವಾಗಲೂ ಹಸಿಯದನ್ನೇ ತೂಗುವುದು ಲೇಸು. ಒಬ್ಬರ ಮನೆಯ ಬೇಳೆ ಗಟ್ಟಿ, ಇನ್ನೊಬ್ಬರದು ನೀರುನೀರು; 'ಬೆಂದ ಬೇಳೆ ಒಂದು ಕಪ್' ಎಂಬುದಕ್ಕೆ ಅರ್ಥವೇ ಇಲ್ಲ.

ಹಾಗಾದರೆ ಒಂದೇ ಪಾತ್ರೆಯಿಂದ ಮನೆಮಂದಿಯೆಲ್ಲ ಬಡಿಸಿಕೊಂಡಾಗ ತನ್ನ ಪಾಲು ತಿಳಿಯುವುದು ಹೇಗೆಂದು ಅವರು ಕೇಳಿದರು. ಇದಕ್ಕೊಂದು ಸರಳ ಉಪಾಯವಿದೆ. ಖಾಲಿ ಪಾತ್ರೆಯ ತೂಕವನ್ನು ಒಮ್ಮೆ ಬರೆದಿಟ್ಟುಕೊಳ್ಳಬೇಕು. 116 ಗ್ರಾಂ ಬೇಳೆಗೆ ಸುಮಾರು 390 ಕ್ಯಾಲೊರಿ, ಒಗ್ಗರಣೆಯ 10 ಗ್ರಾಂ ಎಣ್ಣೆಗೆ 90, ಒಟ್ಟು 480. ಸಾರು ಸಿದ್ಧವಾದ ಮೇಲೆ ಪಾತ್ರೆಸಹಿತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದರೆ ಸಾರು 800 ಗ್ರಾಂ ಇದೆ ಎನ್ನೋಣ. ನೀವು ಬಟ್ಟಲಿಗೆ 300 ಗ್ರಾಂ ಬಡಿಸಿಕೊಂಡರೆ, 480ನ್ನು 800ರಿಂದ ಭಾಗಿಸಿ 300ರಿಂದ ಗುಣಿಸಬೇಕು, 180 ಬರುತ್ತದೆ. ನೀರು ಎಷ್ಟು ಹಾಕಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಆದರೆ ಸಾರನ್ನು ಚೆನ್ನಾಗಿ ಕಲಕಿ ಬಡಿಸಿಕೊಳ್ಳಬೇಕು. ತಳದ ಬೇಳೆ ಒಬ್ಬರಿಗೆ, ಮೇಲಿನ ತಿಳಿ ಇನ್ನೊಬ್ಬರಿಗೆ ಹೋದರೆ ಗಣಿತ ಸರಿಯಿದ್ದರೂ ಬಟ್ಟಲು ಬೇರೆಯಾಗುತ್ತದೆ.

ಹಾಲಿನ ಬಗ್ಗೆ ಇಷ್ಟು ಶ್ರಮ ಬೇಡ. ಒಂದು ಮಿಲಿಲೀಟರ್ ಹಾಲು ಸುಮಾರು 1.03 ಗ್ರಾಂ. 200 ಮಿಲಿಲೀಟರನ್ನು 200 ಗ್ರಾಂ ಎಂದು ಬರೆದರೆ ತಪ್ಪುವುದು ಮೂರು ನಾಲ್ಕು ಕ್ಯಾಲೊರಿ. ಹಾಲಿನಲ್ಲಿ ನೋಡಬೇಕಾದದ್ದು ಪೊಟ್ಟಣದ ಮೇಲಿನ ಕೊಬ್ಬಿನ ಅಂಶವನ್ನು. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡಾ, ಫುಲ್ ಕ್ರೀಮ್ ಹಾಲಿನಲ್ಲಿ 6. ಇದರಿಂದ ಒಂದು ಲೋಟಕ್ಕೆ ಐವತ್ತಕ್ಕೂ ಹೆಚ್ಚು ಕ್ಯಾಲೊರಿಯ ಅಂತರ ಬೀಳುತ್ತದೆ. ಕಾಯಿಸಿ ಬತ್ತಿಸಿದ ಹಾಲಾದರೆ ಬತ್ತುವ ಮೊದಲಿನ ಅಳತೆಯನ್ನೇ ಬರೆಯಬೇಕು.

ಮೂರೂ ತಪ್ಪುಗಳನ್ನು ಕೂಡಿಸಿದಾಗ ಸುಮಾರು 445 ಆಯಿತು. ಬರೆದದ್ದು 1500; ಉಂಡದ್ದು 1950ರ ಆಸುಪಾಸು. ಆ ತಾಯಿಯ ಮೈಯಲ್ಲಿ ದೋಷವಿರಲಿಲ್ಲ, ನಿಷ್ಠೆಯಲ್ಲಿಯೂ ಇರಲಿಲ್ಲ. ಈ ಅಂಕಿಗಳೂ ಅಂದಾಜಿನವೇ. ಒಂದು ಪಟ್ಟಿಯಲ್ಲಿ ತೊಗರಿಬೇಳೆಗೆ 335 ಇದ್ದರೆ ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಇರಬಹುದು. ಅಂಥ ಐದು ಹತ್ತರ ಅಂತರಕ್ಕೆ ತಲೆ ಕೆಡಿಸಿಕೊಳ್ಳಬಾರದು. ಸೊಪ್ಪು, ಸೌತೆಕಾಯಿ, ಮೂಲಂಗಿಗಳನ್ನು ಗ್ರಾಂ ಹಿಡಿದು ತೂಗುವವರನ್ನು ಕಂಡರೆ ನಮಗೆ ನಗು ಬರುತ್ತದೆ. ಅದೇ ಮನೆಯಲ್ಲಿ ಎಣ್ಣೆ ಅಂದಾಜಿನ ಧಾರೆಯಲ್ಲಿ ಬೀಳುತ್ತಿರುತ್ತದೆ.

ಕಪ್ಪನ್ನು ಎಸೆಯಬೇಕೆಂದು ನಾವು ಹೇಳಲಿಲ್ಲ. ಅವರ ಅದೇ ಕಪ್ ಮತ್ತು ಅದೇ ಚಮಚದ ಅಳತೆಗಳನ್ನು ಒಂದು ರಟ್ಟಿನ ಮೇಲೆ ಬರೆದುಕೊಟ್ಟೆವು. ಅರ್ಧ ಕಪ್ ತೊಗರಿಬೇಳೆ 116 ಗ್ರಾಂ, ಒಂದು ಚಮಚ ಎಣ್ಣೆ 20 ಗ್ರಾಂ, ಹಾಲು ಲೋಟದ ಲೆಕ್ಕವೇ ಸಾಕು, ಹಿಟ್ಟು ಮಾತ್ರ ಪ್ರತಿದಿನ ತಕ್ಕಡಿಯ ಮೇಲೆ. ಮನೆಗೆ ಒಂದು ಗ್ರಾಂ ತೋರಿಸುವ ಸಾಧಾರಣ ಅಡುಗೆ ತಕ್ಕಡಿ ಸಾಕು. ಎರಡು ಮೂರು ಗ್ರಾಂಗಳಷ್ಟು ಕಿರಿದಾದದ್ದನ್ನು ಅದು ಸರಿಯಾಗಿ ತೋರಿಸದು. ಆದ್ದರಿಂದ ಒಂದು ಚಮಚ ತೂಗುವ ಬದಲು ಐದು ಚಮಚ ತೂಗಿ ಐದರಿಂದ ಭಾಗಿಸಬೇಕು. ನಿಜವಾದ ಲೆಕ್ಕ ಹಿಡಿದ ಮೇಲೆ ಆಹಾರ ನಿಜವಾಗಿಯೇ ಕಡಿಮೆಯಾಗುವುದರಿಂದ, ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಮೊದಲೇ ತಿಳಿಸಿ, ರಕ್ತದ ಸಕ್ಕರೆಯನ್ನು ಅವರು ಹೇಳಿದಷ್ಟು ಸಲ ನೋಡಿಕೊಳ್ಳಲು ಹೇಳಿ ಕಳುಹಿಸಿದೆವು. ರಾತ್ರಿಯೂಟ ಬಿಡಲಿಲ್ಲ, ನಾಲ್ಕು ರೊಟ್ಟಿ ಮೂರಾದವು, ಎಣ್ಣೆ ಒಂದು ಚಮಚಕ್ಕೆ ಇಳಿಯಿತು.

ದೀಪಾವಳಿಯ ಹೊತ್ತಿಗೆ ಮತ್ತೆ ಬಂದಾಗ ಅವರ ತೂಕ ಎರಡು ಕಿಲೋ ಇಳಿದಿತ್ತು. ರಟ್ಟನ್ನೂ ಜೊತೆಗೆ ತಂದಿದ್ದರು. ಎಣ್ಣೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ 13 ಎಂದು ಬರೆದಿದ್ದರು. ಸೊಸೆ ಹೊಸ ಚಮಚ ತಂದಿದ್ದಳಂತೆ. ಐದು ಚಮಚ ತೂಗಿ, ಐದರಿಂದ ಭಾಗಿಸಿ ತಿದ್ದಿಕೊಂಡಿದ್ದರು.