ನಿದ್ದಿ ಎಣ್ಣಿ ಅನ್ನೋ ವ್ಯಾಪಾರ

ಅಕ್ಕಾರ, ಫೋನಿನ್ಯಾಗ ಬರೋ ಈ 'ನಿದ್ದಿ ಎಣ್ಣಿ' ಜಾಹೀರಾತು ನೋಡಿದ್ರ ನನಗ ಸಿಟ್ಟು ಬರತದ. ಎಲ್ಲಾ ಬಾಟ್ಲಿ ಮ್ಯಾಲೂ ಅದೇ ಹಸಿರು ಎಲಿ ಚಿತ್ರ. ಒಳಗ ಇರೋದು ಬ್ಯಾರೆ ಬ್ಯಾರೆ.

ಹೆಂಪ್ ಬೀಜದ ಎಣ್ಣಿ ಇದ್ರ ಅದು ಅಗಸಿ ಎಣ್ಣಿ ಇದ್ದಂಗ, ಅಡಗಿಗೆ ಆದೀತು, ನಿದ್ದಿಗಲ್ಲ. 'ವಿಜಯಾ' ಅಂತ ಬರದಿದ್ರ ಅದು ಭಂಗಿ ಎಲಿ ಸಾರ. 1985ರ ಕಾಯ್ದೆದಾಗ ಗಾಂಜಾ ಅಂದ್ರ ಗಿಡದ ಹೂವಿನ ತುದಿ, ಬರೀ ಎಲಿ ಅಲ್ಲ. ಅದಕ್ಕ ಆಯುರ್ವೇದದ ಹೆಸರಿನ್ಯಾಗ ಮಾರಲಿಕ್ಕೆ ದಾರಿ ಸಿಕ್ಕದ. ಆದ್ರ ಅಮಲಿನ ಟಿಎಚ್‌ಸಿ ಎಲಿಯೊಳಗೂ ಇರತದಲ್ರೀ!

ನಮ್ಮ ಓಣಿ ಕಾಕು ಎರಡು ಹನಿಯಿಂದ ಶುರು ಮಾಡಿದ್ರು, ಮೂರು ತಿಂಗಳಿಗೆ ಆರು ಹನಿ ಆತು. ಬಿಟ್ಟ ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ, ಮುಚ್ಚಿದ್ರ ಕೆಟ್ಟ ಕನಸು. "ನೋಡವಾ, ಎಣ್ಣಿ ಇಲ್ದ ನಿದ್ದಿನೇ ಇಲ್ಲ" ಅಂದ್ರು. ಅದು ಎಣ್ಣಿ ಗುಣ ಅಲ್ರಿ, ಎಣ್ಣಿ ಬಿಟ್ಟಿದ್ದರ ಕಾಟ. ಬಹಳ ಮಂದಿಗೆ ಒಂದೆರಡು ವಾರದಾಗ ಇಳೀತದ. ಅಷ್ಟರಾಗ ನಾವು ಹೆದರಿ ಮತ್ತ ಬಾಟ್ಲಿ ತರಸ್ತೀವಿ, ಮಾರೋರಿಗೆ ಬೇಕಾಗಿದ್ದೂ ಅದೇ.

ದಿನಾ ತಗೊಂಡ್ರ ನಿದ್ದಿ ಸುಧಾರಿಸತದ ಅನ್ನಲಿಕ್ಕೆ ಗಟ್ಟಿ ಪುರಾವೆ ಇಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ಗುಳಿಗಿ ನುಂಗೋರಂತೂ ಡಾಕ್ಟರ್‌ನ ಕೇಳದ ಒಂದು ಹನಿನೂ ಮುಟ್ಟಬ್ಯಾಡ್ರಿ, ರಕ್ತಸ್ರಾವ ಆದೀತು.