ಫ್ರಾನ್ಸಿನ ಫಾರ್ಮಿನಲ್ಲಿಲ್ಲದ ಕಾಲಂ

ಕಂಪನಿಗಳು ತಮ್ಮ ನೌಕರರ ವಿವರ ಇಟ್ಟುಕೊಳ್ಳೋಕೆ ಬಳಸುವ ಒಂದು ಸಾಫ್ಟ್‌ವೇರನ್ನು ನಮ್ಮ ಟೀಮು ನೋಡಿಕೊಳ್ಳುತ್ತೆ. ಬ್ರಿಟನ್ನಿಗೆ ಹೋಗುವ ಫಾರ್ಮಿನಲ್ಲಿ ‘ನೀವು ಯಾವ ಜನಾಂಗಕ್ಕೆ ಸೇರಿದವರು?’ ಎಂಬ ಪ್ರಶ್ನೆ ಇದೆ. ಬಿಳಿಯರು, ಕಪ್ಪು ಕೆರಿಬಿಯನ್, ಭಾರತೀಯರು ಅಂತ ಉದ್ದದ ಪಟ್ಟಿ; ಹೇಳೋಕೆ ಇಷ್ಟವಿಲ್ಲ ಅನ್ನುವ ಆಯ್ಕೆಯೂ ಉಂಟು. ಫ್ರಾನ್ಸಿಗೆ ಕಳಿಸುವಾಗ ಮಾತ್ರ ಅದು ಇರಕೂಡದು. ಪರದೆಯ ಮೇಲೆ ಮುಚ್ಚಿದರೆ ಸಾಲದು, ಡೇಟಾಬೇಸಿನಲ್ಲೂ ಆ ಕಾಲಂ ಇರಬಾರದು. ಸ್ಕೂಲಿಗೆ ಸೇರುವಾಗಿನಿಂದ ಜಾತಿಯ ಕಾಲಂ ತುಂಬುತ್ತಾ ಬಂದ ನನಗೆ ಇದು ವಿಚಿತ್ರ ಅನ್ನಿಸಿತು.

ಫ್ರಾನ್ಸಿನ ಹಟಕ್ಕೆ ಹಿನ್ನೆಲೆ ಇದೆ. 1940ರಲ್ಲಿ ಜರ್ಮನರು ಅರ್ಧ ದೇಶವನ್ನು ಹಿಡಿದುಕೊಂಡಾಗ, ಪ್ಯಾರಿಸ್ಸಿನ ಯಹೂದಿಗಳೆಲ್ಲ ಪೊಲೀಸರ ಬಳಿ ಹೋಗಿ ಹೆಸರು ಬರೆಸಬೇಕೆಂಬ ಆಜ್ಞೆಯಾಯಿತು. ಫ್ರೆಂಚ್ ಪೊಲೀಸ್ ಅಧಿಕಾರಿ ಆಂದ್ರೆ ತ್ಯುಲಾರ್ ಆ ವಿವರಗಳನ್ನು ಕಾರ್ಡುಗಳಲ್ಲಿ ಬರೆಸಿ ನಾಲ್ಕು ಬಗೆಯಲ್ಲಿ ಜೋಡಿಸಿದ: ಹೆಸರಿನ ಪ್ರಕಾರ, ರಾಷ್ಟ್ರೀಯತೆಯ ಪ್ರಕಾರ, ಕಸುಬಿನ ಪ್ರಕಾರ, ಬೀದಿಯ ಪ್ರಕಾರ. ಡೇಟಾಬೇಸ್ ಕೆಲಸ ಮಾಡುವವರಿಗೆ ಆ ಕೊನೆಯದನ್ನು ಓದಿದರೆ ಮೈ ಜುಂ ಅನ್ನುತ್ತೆ. ಬೀದಿಯ ಪ್ರಕಾರ ಪಟ್ಟಿ ಬೇಕಾಗೋದು ಮನೆ ಮನೆಗೆ ಹೋಗುವವನಿಗೆ ತಾನೇ? 1942ರ ಜುಲೈನಲ್ಲಿ ಎರಡೇ ದಿನದಲ್ಲಿ ಸುಮಾರು 13 ಸಾವಿರ ಜನರನ್ನು ಹಿಡಿದೊಯ್ದಾಗ ಪೊಲೀಸರ ಕೈಯಲ್ಲಿದ್ದದ್ದು ಇದೇ ಕಾರ್ಡುಗಳು.

ಜನಾಂಗದ ಮಾಹಿತಿಯನ್ನು ಕಲೆಹಾಕುವುದನ್ನು ಕೆಲವೇ ವಿನಾಯಿತಿಗಳೊಂದಿಗೆ ನಿಷೇಧಿಸುವ ಕಾನೂನು ಅಲ್ಲಿ 1978ರಲ್ಲಿ ಬಂತು. 2007ರಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಇನ್ನೂ ಸ್ಪಷ್ಟಪಡಿಸಿತು: ಹುಟ್ಟಿದ ದೇಶ, ಮೊದಲಿನ ರಾಷ್ಟ್ರೀಯತೆ ಕೇಳಬಹುದು, ಜನಾಂಗ ಕೇಳುವಂತಿಲ್ಲ.

ಬ್ರಿಟನ್ನು ಹಿಡಿದದ್ದು ಬೇರೆ ದಾರಿ. ಎಲ್ಲರಿಗೂ ಒಂದೇ ಅನ್ನಿಸುವ ನಿಯಮ ಒಂದು ಗುಂಪಿಗೆ ಮಾತ್ರ ಹೆಚ್ಚು ಪೆಟ್ಟು ಕೊಟ್ಟರೆ ಅದೂ ತಾರತಮ್ಯವೇ ಅಂತ ಅಲ್ಲಿನ 1976ರ ಕಾಯ್ದೆ ಹೇಳಿತು. ಪೆಟ್ಟು ಯಾರಿಗೆ ಎಷ್ಟು ಬಿತ್ತು ಅಂತ ತೋರಿಸೋಕೆ ಲೆಕ್ಕ ಬೇಕಲ್ಲ? 1991ರ ಜನಗಣತಿಯಲ್ಲಿ ಮೊದಲ ಬಾರಿಗೆ ಜನಾಂಗದ ಪ್ರಶ್ನೆ ಬಂತು.

ಎರಡು ದಾರಿಗಳ ವ್ಯತ್ಯಾಸ ಕೊರೊನಾ ಕಾಲದಲ್ಲಿ ಚೆನ್ನಾಗಿ ಕಾಣಿಸಿತು. ಇಂಗ್ಲೆಂಡಿನ ಮರಣ ಪತ್ರದಲ್ಲಿ ಜನಾಂಗ ಬರೆಯುತ್ತಿರಲಿಲ್ಲ. ಅಂಕಿಅಂಶ ಕಚೇರಿಯವರು ಸತ್ತವರ ದಾಖಲೆಗಳನ್ನು 2011ರ ಜನಗಣತಿಗೆ ಜೋಡಿಸಿದರು. ವಯಸ್ಸಿನ ವ್ಯತ್ಯಾಸ ತೆಗೆದು ನೋಡಿದರೆ, ಕಪ್ಪು ಗಂಡಸರು ಕೋವಿಡ್‌ನಿಂದ ಸಾಯುವ ಸಂಭವ ಬಿಳಿಯರದಕ್ಕಿಂತ ನಾಲ್ಕು ಪಟ್ಟು ಹೆಚ್ಚಿತ್ತು. ವಾಸಿಸುವ ಪ್ರದೇಶ, ಬಡತನ ಇತ್ಯಾದಿಯ ಪಾಲನ್ನೂ ಕಳೆದ ಮೇಲೆ ಅದು ಸುಮಾರು ಎರಡು ಪಟ್ಟಿಗೆ ಇಳಿಯಿತು. ಅಂದರೆ ಎಲ್ಲಿ, ಹೇಗೆ ಬದುಕುತ್ತಿದ್ದರು ಅನ್ನುವುದರಿಂದ ಎಷ್ಟು ವಿವರಣೆ ಸಿಗುತ್ತೆ, ಇನ್ನೆಷ್ಟು ಉಳಿಯುತ್ತೆ ಅಂತ ಬಿಡಿಸಿ ನೋಡಲು ಸಾಧ್ಯವಾಯಿತು. ಕಾಲಂ ಇದ್ದದ್ದರಿಂದ ಆದ ಕೆಲಸ ಅದು.

ಫ್ರಾನ್ಸಿನ ಅಂಕಿಅಂಶ ಸಂಸ್ಥೆ ಇನ್‌ಸೇ ತನ್ನಲ್ಲಿದ್ದ ಹುಟ್ಟಿದ ದೇಶದ ಮಾಹಿತಿಯನ್ನೇ ಬಳಸಿತು. 2019ರ ಮಾರ್ಚ್-ಏಪ್ರಿಲ್‌ಗೆ ಹೋಲಿಸಿದರೆ 2020ರ ಅದೇ ಎರಡು ತಿಂಗಳಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವರ ಸಾವು ಶೇ 22ರಷ್ಟು ಏರಿತ್ತು, ಹೊರದೇಶದಲ್ಲಿ ಹುಟ್ಟಿದವರದು ಶೇ 48ರಷ್ಟು. ಉತ್ತರ ಆಫ್ರಿಕಾ ಬಿಟ್ಟು ಉಳಿದ ಆಫ್ರಿಕಾದಲ್ಲಿ ಹುಟ್ಟಿದವರದು ಶೇ 114. ಕಾಲಂ ಇಲ್ಲದೆಯೂ ಇಷ್ಟು ಗೊತ್ತಾಯಿತು, ಇದನ್ನು ನಾವು ಒಪ್ಪಲೇಬೇಕು.

ಆದರೆ ಆ 22ರ ಒಳಗೆ ಯಾರಿದ್ದಾರೆ ನೋಡಿ. ಮಾಲಿಯಿಂದ ಬಂದ ತಂದೆತಾಯಿಗೆ ಪ್ಯಾರಿಸ್ಸಿನ ಹೊರವಲಯದಲ್ಲಿ ಹುಟ್ಟಿದ ಹೆಣ್ಣುಮಗಳು ‘ಫ್ರಾನ್ಸಿನಲ್ಲಿ ಹುಟ್ಟಿದವಳು’. ಗ್ವಾಡೆಲೂಪ್ ದ್ವೀಪದವನ ಮೈಬಣ್ಣ ಕಪ್ಪು, ಆದರೆ ತಲೆಮಾರುಗಳಿಂದ ಫ್ರೆಂಚ್ ನೆಲದಲ್ಲೇ ಹುಟ್ಟುತ್ತಾ ಬಂದವನು. ತದ್ವಿರುದ್ಧವಾಗಿ, ಅಲ್ಜೀರಿಯಾ ಸ್ವತಂತ್ರವಾಗುವ ಮುಂಚೆ ಅಲ್ಲಿ ಹುಟ್ಟಿ, ಆಮೇಲೆ ಫ್ರಾನ್ಸಿಗೆ ಬಂದ ಬಿಳಿಯ ಅಜ್ಜ ‘ಉತ್ತರ ಆಫ್ರಿಕಾದಲ್ಲಿ ಹುಟ್ಟಿದವನು’. ಹುಟ್ಟಿದ ದೇಶವನ್ನು ಜನಾಂಗದ ಬದಲಿಗೆ ಬಳಸಿದರೆ ಎರಡೂ ಕಡೆ ತಪ್ಪಾಗುತ್ತೆ, ಮತ್ತೆ ತಲೆಮಾರು ಕಳೆದಂತೆ ಆ ತಪ್ಪು ಹೆಚ್ಚುತ್ತಾ ಹೋಗುತ್ತೆ.

ತಂದೆತಾಯಿಯ ಜನ್ಮಸ್ಥಳವನ್ನೂ ಕೇಳುವ ದೊಡ್ಡ ಸಮೀಕ್ಷೆಗಳು ಅಲ್ಲಿವೆ. 2008-09ರಲ್ಲಿ ಸುಮಾರು 21 ಸಾವಿರ ಜನರನ್ನು ಮಾತಾಡಿಸಿ ಹಾಗೊಂದು ಮಾಡಿದರು. ಅದು ಸಮೀಕ್ಷೆ, ಹೆಸರು ಗುಟ್ಟಾಗಿರುತ್ತೆ. ಕೆಲವು ಸಾವಿರ ಜನರ ಮಾದರಿಯಿಂದ ಒಂದು ಕಂಪನಿಯಲ್ಲಿ, ಒಂದು ಊರಿನಲ್ಲಿ ಏನಾಗುತ್ತಿದೆ ಅಂತ ಹೇಳೋಕೆ ಬರಲ್ಲ. ಆದರೆ ನಂಗೆ ಈ ಮಧ್ಯದ ದಾರಿಯೇ ಹಿಡಿಸುತ್ತೆ: ಉತ್ತರ ಇರಲಿ, ಅದರ ಪಕ್ಕದಲ್ಲಿ ಹೆಸರು, ವಿಳಾಸ ಬೇಡ. ಬ್ರಿಟನ್ನಿನ ಒಳ್ಳೆಯ ಕಂಪನಿಗಳೂ ಆ ಪ್ರಶ್ನೆಯ ಹಾಳೆಯನ್ನು ಅರ್ಜಿಯಿಂದ ಬೇರೆ ಮಾಡಿಯೇ ಇಡುತ್ತವೆ, ಸಂದರ್ಶನ ಮಾಡುವವರ ಕೈಗೆ ಅದು ಹೋಗಲ್ಲ.

ನಮ್ಮ ಸಾಫ್ಟ್‌ವೇರಿನಲ್ಲಿ ಅದಿನ್ನೂ ನೌಕರನ ಹೆಸರು, ಮನೆ ವಿಳಾಸದ ಜೊತೆ ಒಂದೇ ಟೇಬಲ್ಲಿನಲ್ಲಿದೆ. ಬೇರೆ ಮಾಡಬೇಕು ಅಂತ ಕಳೆದ ವಾರ ಬರೆದು ಹಾಕಿದ್ದೀನಿ.